ಮಗುವಿಗೆ ವಾಲ್‌ಪ್ರೊಯೇಟ್ ಶುರುವಾದಾಗ: ಡೋಸ್ ಏರುವ ಲೆಕ್ಕ, ಮನೆಯಲ್ಲಿ ಇಡಬೇಕಾದ ಕಣ್ಣು

ಮಗುವಿಗೆ ಎರಡನೇ ಸಲ ಫಿಟ್ಸ್ ಬಂದ ಮೇಲೆ ಸಾಮಾನ್ಯವಾಗಿ ಡಾಕ್ಟರು "ಇನ್ನು ಔಷಧಿ ಶುರು ಮಾಡೋಣ" ಎನ್ನುತ್ತಾರೆ. ಚೀಟಿಯಲ್ಲಿ ಸೋಡಿಯಂ ವಾಲ್‌ಪ್ರೊಯೇಟ್ ಸಿರಪ್ ಅಂತ ಬರೆದಿರುತ್ತದೆ. ಕೆಳಗೆ ಮೊದಲ ವಾರಕ್ಕೆ ಒಂದು ಅಳತೆ, ಎರಡನೇ ವಾರಕ್ಕೆ ಇನ್ನೊಂದು, ಮೂರನೇ ವಾರಕ್ಕೆ ಮತ್ತೊಂದು. ಜೊತೆಗೆ ಲಿವರ್ ಟೆಸ್ಟ್ ಮಾಡಿಸಿಕೊಂಡು ಬನ್ನಿ ಅಂತ ಒಂದು ಸಾಲು. ಲಿವರ್ ಅಂದ ಕೂಡಲೇ ಅಪ್ಪ-ಅಮ್ಮನ ಎದೆ ಧಸಕ್ ಎನ್ನುತ್ತದೆ.

ಪುಣೆಯ ಮಕ್ಕಳ ಆಸ್ಪತ್ರೆಯೊಂದರಲ್ಲಿ ಔಷಧಿ ಕೊಡುವ ಕಿಟಕಿಯ ಒಳಗಡೆ ಕೂರುವ ಕೆಲಸ ನನ್ನದು. ಪಿಂಪರಿ, ಚಿಂಚವಡ, ಭೋಸರಿ ಕಡೆಯಿಂದ ಕಲಬುರಗಿ, ವಿಜಯಪುರ ಮೂಲದ ಕುಟುಂಬಗಳು ಸುಮಾರು ಬರುತ್ತವೆ. ಡಾಕ್ಟರು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಿದ್ದರಲ್ಲಿ ಅರ್ಧ ಓಪಿಡಿಯಲ್ಲೇ ಉಳಿದುಹೋಗುತ್ತದೆ. ಉಳಿದರ್ಧಕ್ಕೆ ಗೂಗಲ್ ನೋಡಿ ಗಾಬರಿಯಾಗಿ ಮತ್ತೆ ಕಿಟಕಿಗೆ ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಇಲ್ಲಿನ ಅಳತೆಗಳು ಲೆಕ್ಕ ಅರ್ಥವಾಗಲಿ ಅಂತ ಕೊಟ್ಟವು. ನಿಮ್ಮ ಮಗುವಿನ ಅಳತೆ ನಿಮ್ಮ ಚೀಟಿಯಲ್ಲಿ ಇರುವುದೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಭೋಸರಿಯಲ್ಲಿರುವ ಏಳು ವರ್ಷದ ಹುಡುಗ. ತೂಕ 20 ಕಿಲೋ. ಎರಡು ತಿಂಗಳಲ್ಲಿ ಎರಡು ಸಲ ಇಡೀ ಮೈ ಸೆಟೆದು ಫಿಟ್ಸ್ ಬಂದಿದೆ, ಎರಡು ಸಲವೂ ಜ್ವರ ಇರಲಿಲ್ಲ. ಇಇಜಿಯಲ್ಲಿ ಮಿದುಳಿನ ಎರಡೂ ಬದಿಯಲ್ಲಿ ಒಟ್ಟಿಗೇ ಅಲೆಗಳು ಏಳುವುದು ಕಂಡಿದೆ. ಹೀಗೆ ಇಡೀ ಮಿದುಳು ಒಮ್ಮೆಗೇ ಸಿಡಿಯುವ ಬಗೆಯ ಫಿಟ್ಸ್‌ಗೆ ವಾಲ್‌ಪ್ರೊಯೇಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ಡಾಕ್ಟರು ಇದನ್ನು ಆರಿಸಿದ್ದಾರೆ.

ಆದರೆ ಚೀಟಿ ಬರೆಯುವ ಮೊದಲು ಅವರು ಕೆಲವು ಪ್ರಶ್ನೆ ಕೇಳಿರುತ್ತಾರೆ. ಮಗು ಮಾತು, ನಡಿಗೆ ಎಲ್ಲ ಸಮಯಕ್ಕೆ ಕಲಿತನಾ? ಕಲಿತದ್ದನ್ನು ಮರೆತದ್ದು ಉಂಟಾ? ಮನೆಯಲ್ಲಿ ಚಿಕ್ಕ ಮಕ್ಕಳು ಲಿವರ್ ಕೆಟ್ಟು ಅಥವಾ ಕಾರಣ ಗೊತ್ತಾಗದೆ ತೀರಿಕೊಂಡದ್ದು ಇದೆಯಾ? ಗಂಡ-ಹೆಂಡತಿ ರಕ್ತಸಂಬಂಧಿಗಳಾ? ನಮ್ಮ ಕಡೆ ಸೋದರಮಾವನಿಗೆ ಕೊಡುವ ಪದ್ಧತಿ ಇರುವುದರಿಂದ ಈ ಕೊನೆಯ ಪ್ರಶ್ನೆಗೆ ಎಷ್ಟೋ ಜನ ಮುಜುಗರಪಟ್ಟು "ಇಲ್ಲ" ಎಂದುಬಿಡುತ್ತಾರೆ. ಹಾಗೆ ಮಾಡಬಾರದು. ಕೆಲವು ಮಕ್ಕಳಲ್ಲಿ ಜೀವಕೋಶಗಳು ಶಕ್ತಿ ತಯಾರಿಸುವ ವ್ಯವಸ್ಥೆಯಲ್ಲೇ ಹುಟ್ಟಿನಿಂದ ದೋಷ ಇರುತ್ತದೆ. ಮೈಟೊಕಾಂಡ್ರಿಯದ ರೋಗ ಎನ್ನುವುದು ಅದಕ್ಕೇ. ಪೋಲ್‌ಜಿ ಎಂಬ ಜೀನ್ ಕೆಟ್ಟಿರುವ ಮಕ್ಕಳಿಗೆ ವಾಲ್‌ಪ್ರೊಯೇಟ್ ಕೊಟ್ಟರೆ ಲಿವರ್ ಪೂರ್ತಿ ಕೈಕೊಡಬಹುದು. ಸಂಶಯ ಇದ್ದರೆ ಡಾಕ್ಟರು ಈ ಔಷಧಿಗೆ ಕೈಯೇ ಹಾಕುವುದಿಲ್ಲ. ಎರಡು ವರ್ಷದೊಳಗಿನ ಮಗು, ಅದರಲ್ಲೂ ಜೊತೆಗೆ ಬೇರೆ ಫಿಟ್ಸ್ ಔಷಧಿಯೂ ನಡೆಯುತ್ತಿದ್ದರೆ, ಅಲ್ಲೂ ಹಿಂಜರಿಯುತ್ತಾರೆ. ಆ ಗುಂಪಿನಲ್ಲಿ ಸುಮಾರು 500 ಮಕ್ಕಳಲ್ಲಿ ಒಂದಕ್ಕೆ ಲಿವರ್ ಪ್ರಾಣಕ್ಕೆ ಬರುವಷ್ಟು ಕೆಟ್ಟದ್ದು ಹಳೆಯ ಅಮೆರಿಕನ್ ಲೆಕ್ಕದಲ್ಲಿ ಕಂಡಿತ್ತು. ದೊಡ್ಡ ಮಗು, ಒಂದೇ ಔಷಧಿ ಅಂದರೆ ಈ ಅಪಾಯ ತುಂಬಾ ಅಪರೂಪ.

ನಮ್ಮ ಹುಡುಗನಲ್ಲಿ ಇಂಥದ್ದೇನೂ ಇಲ್ಲ. ಮೊದಲ ರಕ್ತಪರೀಕ್ಷೆಯಲ್ಲಿ ಲಿವರ್ ನೋಡುವ ಎಸ್‌ಜಿಪಿಟಿ 24, ಪ್ಲೇಟ್‌ಲೆಟ್ 2.8 ಲಕ್ಷ. ಈ ಎರಡು ಸಂಖ್ಯೆ ಮುಂದೆ ಕೆಲಸಕ್ಕೆ ಬರುತ್ತವೆ, ಆ ಕಾಗದ ಜೋಪಾನ.

ಮಿಲಿಗ್ರಾಂ ಮತ್ತು ಮಿಲಿಲೀಟರ್

ಡಾಕ್ಟರು ಯೋಚಿಸುವುದು ಮಿಲಿಗ್ರಾಂನಲ್ಲಿ, ಅಮ್ಮ ಕುಡಿಸುವುದು ಮಿಲಿಲೀಟರ್‌ನಲ್ಲಿ. ತಪ್ಪುಗಳು ಆಗುವುದು ಇವೆರಡರ ನಡುವೆ.

ಇಲ್ಲಿ ಸಾಮಾನ್ಯವಾಗಿ ಸಿಗುವ ಸಿರಪ್ ಬಾಟಲಿ ಮೇಲೆ `200 mg/5 ml` ಅಂತ ಇರುತ್ತದೆ. ಐದು ಮಿಲಿಲೀಟರ್ ಸಿರಪ್‌ನಲ್ಲಿ 200 ಮಿಲಿಗ್ರಾಂ ಔಷಧಿ ಇದೆ ಅಂತ ಅದರ ಅರ್ಥ. ಒಂದು ಮಿಲಿಲೀಟರ್‌ಗೆ 40 ಮಿಲಿಗ್ರಾಂ ಆಯಿತು. ಹಲವರು ಆ 5 ಎನ್ನುವುದನ್ನೇ ಡೋಸ್ ಅಂದುಕೊಳ್ಳುತ್ತಾರೆ. ಚೀಟಿಯಲ್ಲಿ ಎರಡೂವರೆ ಇದ್ದರೂ ಬಾಟಲಿ ನೋಡಿ ಐದು ಕುಡಿಸಿದರೆ ಮೊದಲ ದಿನವೇ ಡಬಲ್ ಡೋಸ್.

ಮಕ್ಕಳಿಗೆ ಸಾಮಾನ್ಯವಾಗಿ ಶುರು ಮಾಡುವುದು ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 15 ಮಿಲಿಗ್ರಾಂನಿಂದ. ವಾರಕ್ಕೊಮ್ಮೆ ಕಿಲೋಗೆ 5ರಿಂದ 10 ಮಿಲಿಗ್ರಾಂನಷ್ಟು ಏರಿಸುತ್ತಾರೆ. ಬಹಳಷ್ಟು ಮಕ್ಕಳಿಗೆ 20ರಿಂದ 30ರ ನಡುವೆ ಫಿಟ್ಸ್ ನಿಲ್ಲುತ್ತದೆ. 60 ದಾಟಿಸುವುದಿಲ್ಲ. 40 ದಾಟಿತು ಅಂದರೆ ರಕ್ತಪರೀಕ್ಷೆ ಪದೇ ಪದೇ ಬೇಕಾಗುತ್ತದೆ.

ನಮ್ಮ ಹುಡುಗನಿಗೆ ಲೆಕ್ಕ ಹಾಕೋಣ. 20 ಕಿಲೋಗೆ 10ರಂತೆ ದಿನಕ್ಕೆ 200 ಮಿಲಿಗ್ರಾಂ. ಬೆಳಿಗ್ಗೆ 100, ರಾತ್ರಿ 100. ಅಂದರೆ ಸಿರಪ್ ಎರಡು ಹೊತ್ತು ಎರಡೂವರೆ ಮಿಲಿಲೀಟರ್. ಇದು ಮೊದಲ ವಾರ. ಎರಡನೇ ವಾರ ಕಿಲೋಗೆ 15 ಅಂದರೆ ಹೊತ್ತಿಗೆ 3.75 ಮಿಲಿಲೀಟರ್ ಬರುತ್ತದೆ. ಈ 3.75 ಪೇಪರ್ ಮೇಲೆ ಚಂದ. ಐದು ಮಿಲಿಲೀಟರ್ ಸಿರಿಂಜಿನಲ್ಲಿ ಗೆರೆಗಳು ಸಾಮಾನ್ಯವಾಗಿ 0.2ಕ್ಕೆ ಒಂದರಂತೆ ಇರುತ್ತವೆ. ರಾತ್ರಿ ಟ್ಯೂಬ್‌ಲೈಟ್ ಬೆಳಕಿನಲ್ಲಿ 3.75 ಹುಡುಕುವ ಅಮ್ಮನ ಪಾಡು ಗೊತ್ತಿರುವ ಡಾಕ್ಟರು ನೇರ 4 ಅಂತ ಬರೆಯುತ್ತಾರೆ. ಆಗ ಕಿಲೋಗೆ 16 ಆಗುತ್ತದೆ, ಏನೂ ತೊಂದರೆಯಿಲ್ಲ. ಮೂರನೇ ವಾರದಿಂದ ಹೊತ್ತಿಗೆ 5 ಮಿಲಿಲೀಟರ್, ಅಂದರೆ ಕಿಲೋಗೆ 20. ಅಲ್ಲಿ ನಿಂತು ನೋಡುವುದು.

ಅಡುಗೆಮನೆ ಚಮಚ ಬೇಡ. ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಸೂಜಿ ತೆಗೆದ ಸಿರಿಂಜೇ ಒಳ್ಳೆಯದು. ಸಿರಪ್ ಎಳೆದು, ಗುಳ್ಳೆ ಹೊರಹಾಕಿ, ಕಪ್ಪು ರಬ್ಬರಿನ ಮೇಲಂಚು ಗೆರೆಗೆ ತಾಗಿದೆಯಾ ನೋಡಿ, ಕೆನ್ನೆಯ ಒಳಭಾಗಕ್ಕೆ ನಿಧಾನವಾಗಿ ಬಿಡಬೇಕು. ನಮ್ಮ ಕಿಟಕಿಯಲ್ಲಿ ಸಿರಿಂಜಿನ ಮೇಲೆ ಆ ವಾರದ ಗೆರೆಗೆ ಬಣ್ಣದ ಟೇಪ್ ಅಂಟಿಸಿ ಕೊಡುತ್ತೇವೆ. ಅಜ್ಜಿ ಕುಡಿಸಿದರೂ ಅಳತೆ ತಪ್ಪುವುದಿಲ್ಲ. ವಾರ ಬದಲಾದಾಗ ಟೇಪ್ ಬದಲಿಸಲು ಮಾತ್ರ ಮರೆಯಬಾರದು.

ಇಷ್ಟು ನಿಧಾನ ಯಾಕೆ?

"ಮೂರು ವಾರ ಕಾಯೋದ್ರೊಳಗ ಮತ್ತ ಫಿಟ್ಸ್ ಬಂದ್ರ ಏನ್ ಮಾಡೂದ್ರಿ? ಒಮ್ಮೆಗೇ ಪೂರಾ ಡೋಸ್ ಕೊಡ್ಬಾರ್ದೇನ್ರಿ?" ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಒಮ್ಮೆಗೇ ಕೊಡಲು ಆಗುತ್ತದೆ. ಫಿಟ್ಸ್ ನಿಲ್ಲದೆ ತುರ್ತು ವಿಭಾಗಕ್ಕೆ ಬಂದ ಮಗುವಿಗೆ ಕಿಲೋಗೆ 20ರಿಂದ 40 ಮಿಲಿಗ್ರಾಂನಷ್ಟು ವಾಲ್‌ಪ್ರೊಯೇಟನ್ನು ನಿಮಿಷಗಳಲ್ಲಿ ನರದ ಮೂಲಕ ಕೊಡುತ್ತಾರೆ. ಅಲ್ಲಿ ಅವಸರ ಇದೆ, ಮಾನಿಟರ್ ಇದೆ, ನರ್ಸ್ ಪಕ್ಕದಲ್ಲೇ ಇದ್ದಾರೆ. ಮನೆಯಲ್ಲಿ ಹಾಗಲ್ಲ. ಒಮ್ಮೆಗೇ ಪೂರ್ತಿ ಡೋಸ್ ಹೋದರೆ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ, ಮಗು ದಿನವಿಡೀ ತೂಕಡಿಸುತ್ತದೆ. ಎರಡು ದಿನ ನೋಡಿ ಅಪ್ಪ-ಅಮ್ಮ ಔಷಧಿ ನಿಲ್ಲಿಸಿಬಿಡುತ್ತಾರೆ. ನಿಧಾನ ಮಾಡಿದರೆ ಹೊಟ್ಟೆಯೂ ಮಿದುಳೂ ಹೊಂದಿಕೊಳ್ಳುತ್ತವೆ. ಎಷ್ಟು ಕಡಿಮೆಯಲ್ಲಿ ಫಿಟ್ಸ್ ನಿಲ್ಲುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ವಾರದ ಅಂತರಕ್ಕೂ ಕಾರಣ ಇದೆ. ಮಕ್ಕಳ ಮೈಯಲ್ಲಿ ಈ ಔಷಧಿ ಸುಮಾರು ಅರ್ಧ ದಿನದೊಳಗೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಡೋಸ್ ಬದಲಿಸಿದ ಮೇಲೆ ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ಮೂರು-ನಾಲ್ಕು ದಿನ ಸಾಕು. ಇನ್ನು ಮೂರು ದಿನ ಮಗು ಹೇಗಿದೆ ನೋಡಲು. ಇಷ್ಟೇ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಡೋಸನ್ನು ನಿಧಾನವಾಗಿ ಏರಿಸುವುದರಿಂದ ಲಿವರ್ ಕೈಕೊಡುವ ಅಪಾಯ ತಪ್ಪುವುದಿಲ್ಲ. ವಾಲ್‌ಪ್ರೊಯೇಟ್‌ನ ಅಡ್ಡಪರಿಣಾಮಗಳಲ್ಲಿ ಎರಡು ಜಾತಿ. ಒಂದು ಡೋಸ್ ಜೊತೆ ಏರುತ್ತದೆ, ಡೋಸ್ ಇಳಿಸಿದರೆ ಇಳಿಯುತ್ತದೆ. ಇನ್ನೊಂದಕ್ಕೆ ಡೋಸ್ ಲೆಕ್ಕವೇ ಇಲ್ಲ, ಸಣ್ಣ ಡೋಸ್‌ನಲ್ಲೂ ಬರಬಹುದು. ನೋಡುವ ರೀತಿ ಎರಡಕ್ಕೂ ಬೇರೆ ಬೇರೆ.

ಡೋಸ್ ಜೊತೆ ಏರುವ ತೊಂದರೆಗಳು

ನಮ್ಮ ಹುಡುಗ ಎರಡನೇ ವಾರ ಬೆಳಿಗ್ಗೆ ಒಂದು ಸಲ ವಾಂತಿ ಮಾಡಿದ. ಸ್ಕೂಲ್ ಬಸ್ಸಿನ ಅವಸರದಲ್ಲಿ ಬರೀ ಹೊಟ್ಟೆಗೆ ಸಿರಪ್ ಹೋಗಿತ್ತು. ಮರುದಿನದಿಂದ ಅರ್ಧ ಭಾಕರಿ ತಿಂದ ಮೇಲೆ ಕೊಟ್ಟರು, ನಿಂತಿತು. ಸಿರಪ್ ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ಡೋಸನ್ನು ಇನ್ನೊಮ್ಮೆ ಕೊಡುವುದು, ಅದಾದ ಮೇಲೆ ವಾಂತಿಯಾದರೆ ಬಿಟ್ಟು ಮುಂದಿನ ಹೊತ್ತಿಗೆ ಕೊಡುವುದು ಸಾಮಾನ್ಯ ರೂಢಿ. ಒಂದು ಹೊತ್ತು ಮರೆತುಹೋದರೆ ಮುಂದಿನ ಹೊತ್ತಿಗೆ ಎರಡರದ್ದೂ ಸೇರಿಸಿ ಕುಡಿಸಬಾರದು.

ಮೂರನೇ ವಾರ ಕ್ಲಾಸಿನಲ್ಲಿ ನಿದ್ದೆ ಮಾಡುತ್ತಾನೆ ಅಂತ ಟೀಚರ್ ಹೇಳಿಕಳಿಸಿದರು. ಡೋಸ್ ಏರಿದ ಮೇಲಿನ ನಾಲ್ಕೈದು ದಿನದ ಮಂಪರು ಇದು. ಕರೆದರೆ ಏಳುತ್ತಾನೆ, ಎದ್ದ ಮೇಲೆ ಆಡುತ್ತಾನೆ, ಊಟ ಮಾಡುತ್ತಾನೆ. ವಾರ ಕಳೆದಂತೆ ತಾನೇ ಕಡಿಮೆಯಾಗುತ್ತದೆ. ಕೆಲವು ಮಕ್ಕಳು ಮಂಕಾಗುವ ಬದಲು ಸಿಡುಕುತ್ತಾರೆ, ಸುಮ್ನೆ ಕೂರುವುದೇ ಇಲ್ಲ. ಅದನ್ನೂ ಡಾಕ್ಟರಿಗೆ ಹೇಳಬೇಕು. ಹಟ ಜಾಸ್ತಿಯಾಗಿದೆ ಅಂತ ಹೊಡೆಯುವುದಲ್ಲ.

ಐದನೇ ವಾರ ಒಂದು ಚಿಕ್ಕ ಫಿಟ್ಸ್ ಬಂತು, ಒಂದು ನಿಮಿಷದಷ್ಟು. ಡಾಕ್ಟರು ರಕ್ತದಲ್ಲಿ ಔಷಧಿಯ ಮಟ್ಟ ನೋಡಿಸಿ, ಹೊತ್ತಿಗೆ 6 ಮಿಲಿಲೀಟರ್ ಮಾಡಿದರು. ಕಿಲೋಗೆ 24 ಆಯಿತು. ಏಳನೇ ವಾರ ಅಮ್ಮ ಬಂದು, "ಬರಿಯೋ ಮುಂದ ಕೈ ಸಣ್ಣಗ ನಡಗ್ತಾವ್ರಿ" ಎಂದಳು. ನೋಟ್‌ಬುಕ್ ತೆಗೆದು ತೋರಿಸಿದಳು. ಜೂನ್‌ನ ಮರಾಠಿ ಅಕ್ಷರಗಳ ಶಿರೋರೇಖೆ ನೇರ ಇತ್ತು, ಈಗ ಅದು ಸಣ್ಣ ಅಲೆಯಂತೆ ಏರಿಳಿಯುತ್ತಿತ್ತು. ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಕೈನಡುಕ ಡೋಸ್ ಜೊತೆ ಏರುವ ಅಡ್ಡಪರಿಣಾಮ. ಬರೆಯಲು, ಉಣ್ಣಲು ಅಡ್ಡಿಯಾಗುವಷ್ಟು ಇದ್ದರೆ ಡೋಸ್ ಸ್ವಲ್ಪ ಇಳಿಸುತ್ತಾರೆ. ಇಲ್ಲದಿದ್ದರೆ ಹಾಗೇ ನೋಡುತ್ತಾರೆ. ಇವನದ್ದನ್ನು ಹಾಗೇ ಬಿಟ್ಟರು.

ಕೂದಲು ಉದುರಬಹುದು. ಮತ್ತೆ ಬರುತ್ತದೆ, ಕೆಲವರಿಗೆ ಗುಂಗುರಾಗಿ ಬರುತ್ತದೆ.

ಹಸಿವು ಹೆಚ್ಚುವುದು ಮಾತ್ರ ಮೋಸದ ವಿಷಯ. "ಮೊದ್ಲು ಊಟಾನೇ ಮಾಡ್ತಿರಲಿಲ್ಲ, ಈಗ ಚೆನ್ನಾಗಿ ತಿಂತಾನೆ" ಅಂತ ಮನೆಯವರು ಖುಷಿಪಡುತ್ತಾರೆ. ಆರು ತಿಂಗಳಲ್ಲಿ ಅಂಗಿ ಬಿಗಿಯಾಗುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡುವುದು ಒಳ್ಳೆಯದು. ತೂಕ ಏರುವುದಕ್ಕೆ ಮೊದಲೇ ಬಿಸ್ಕೆಟ್, ವಡಾಪಾವ್, ಫರಸಾಣಕ್ಕೆ ಕಡಿವಾಣ ಹಾಕಿದರೆ ಸುಲಭ, ಏರಿದ ಮೇಲೆ ಇಳಿಸುವುದು ಕಷ್ಟ.

ಔಷಧಿಯ ಮಟ್ಟ: ಆ 50ರಿಂದ 100

ರಕ್ತದಲ್ಲಿ ವಾಲ್‌ಪ್ರೊಯೇಟ್ ಎಷ್ಟಿದೆ ಅಂತ ನೋಡುವ ಟೆಸ್ಟ್ ಇದೆ. ಒಂದು ಮಿಲಿಲೀಟರ್‌ಗೆ 50ರಿಂದ 100 ಮೈಕ್ರೋಗ್ರಾಂ ಸರಿಯಾದ ಮಟ್ಟ ಅಂತ ರಿಪೋರ್ಟಿನಲ್ಲಿ ಅಚ್ಚಾಗಿರುತ್ತದೆ. 45 ಬಂದರೆ ಕಡಿಮೆ, 105 ಬಂದರೆ ವಿಷ ಅಂತ ಜನ ಓದಿಕೊಳ್ಳುತ್ತಾರೆ. ಹಾಗಿಲ್ಲ. 45ರಲ್ಲೇ ಫಿಟ್ಸ್ ನಿಂತಿದ್ದರೆ ಆ ಮಗುವಿಗೆ 45 ಸಾಕು. ಹಾಗಾಗಿ ಎಲ್ಲರಿಗೂ ಈ ಟೆಸ್ಟ್ ಬರೆಯುವುದಿಲ್ಲ. ಫಿಟ್ಸ್ ನಿಲ್ಲದಿದ್ದಾಗ, ಔಷಧಿ ಸರಿಯಾಗಿ ಹೋಗುತ್ತಿದೆಯಾ ಅಂತ ಸಂಶಯ ಬಂದಾಗ, ಮಗು ತೀರಾ ಮಂಕಾದಾಗ, ಬೇರೆ ಔಷಧಿ ಸೇರಿದಾಗ ಬರೆಯುತ್ತಾರೆ.

ರಕ್ತ ಕೊಡಬೇಕಾದ್ದು ಬೆಳಗಿನ ಡೋಸ್‌ಗೆ ಮುಂಚೆ. ಸಿರಪ್ ಕುಡಿದ ಒಂದೆರಡು ಗಂಟೆಗೆ ಮಟ್ಟ ಶಿಖರಕ್ಕೆ ಏರಿರುತ್ತದೆ. ಆಗ ರಕ್ತ ಕೊಟ್ಟರೆ ಸುಳ್ಳು ದೊಡ್ಡ ಸಂಖ್ಯೆ ಬರುತ್ತದೆ, ಸುಮ್ನೆ ಡೋಸ್ ಇಳಿಸುವ ಪ್ರಸಂಗ ಬರುತ್ತದೆ. ಬೆಳಗಿನ ಸಿರಪ್ಪನ್ನೂ ತಿಂಡಿಯನ್ನೂ ಲ್ಯಾಬಿಗೇ ಒಯ್ಯಿರಿ, ರಕ್ತ ತೆಗೆದ ಕೂಡಲೇ ಅಲ್ಲೇ ಕೊಡಿ.

ಈ ಸಂಖ್ಯೆಯಲ್ಲಿ ಇನ್ನೊಂದು ಮರ್ಮ ಇದೆ. ಪುಣೆ–ಲೋಣಾವಳಾ ಲೋಕಲ್ ನೆನಪಿಸಿಕೊಳ್ಳಿ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇರುತ್ತದೆ. ಅದು ಬೋಗಿಯ ಸೀಟು. ವಾಲ್‌ಪ್ರೊಯೇಟ್ ಪ್ರಯಾಣಿಕ. ನೂರರಲ್ಲಿ ತೊಂಬತ್ತು ಜನ ಸೀಟಿನಲ್ಲಿ ಕೂತಿರುತ್ತಾರೆ. ಮಿದುಳಿನ ಸ್ಟೇಷನ್‌ನಲ್ಲಿ ಇಳಿದು ಕೆಲಸ ಮಾಡುವವರು ನಿಂತಿರುವ ಹತ್ತು ಜನ ಮಾತ್ರ. ಡೋಸ್ ಏರಿಸುತ್ತಾ ಹೋದಂತೆ ಸೀಟು ಭರ್ತಿಯಾಗುತ್ತದೆ. ಆಮೇಲೆ ಹತ್ತಿದವರಲ್ಲಿ ಹೆಚ್ಚಿನವರು ನಿಲ್ಲಲೇಬೇಕು. ಅದಕ್ಕೇ ದೊಡ್ಡ ಡೋಸ್‌ನಲ್ಲಿ ಇರುವ ಮಗುವಿಗೆ ಒಂದೇ ಮಿಲಿಲೀಟರ್ ಏರಿಸಿದರೂ ನಡುಕ, ಮಂಪರು ಒಮ್ಮೆಲೇ ಜಾಸ್ತಿಯಾಗುತ್ತದೆ. ಲ್ಯಾಬ್ ಎಣಿಸುವುದು ಕೂತವರು, ನಿಂತವರು ಎಲ್ಲರನ್ನೂ ಸೇರಿಸಿ. ಸೊರಗಿದ ಮಗು, ಆಲ್ಬುಮಿನ್ ಕಡಿಮೆ ಇರುವ ಮಗು ಅಂದರೆ ಸೀಟುಗಳೇ ಕಡಿಮೆ. ಅಲ್ಲಿ ರಿಪೋರ್ಟ್ 80 ಅಂತ ನಾರ್ಮಲ್ ತೋರಿಸಿದರೂ ಮಗು ತೂರಾಡುತ್ತಿರಬಹುದು. ಆಗ ನಂಬಬೇಕಾದ್ದು ಮಗುವನ್ನು.

ಡೋಸ್ ಲೆಕ್ಕ ಕೇಳದ ತೊಂದರೆಗಳು

ಈಗ ಲಿವರ್ ವಿಷಯಕ್ಕೆ ಬರೋಣ.

ನಮ್ಮ ಹುಡುಗನ ಆರನೇ ವಾರದ ರಿಪೋರ್ಟಿನಲ್ಲಿ ಎಸ್‌ಜಿಪಿಟಿ 62. ಮೊದಲು 24 ಇತ್ತು, ಲ್ಯಾಬಿನ ಮೇಲ್ಮಿತಿ 40. ರಿಪೋರ್ಟಿನಲ್ಲಿ ದಪ್ಪ ಅಕ್ಷರ, ಪಕ್ಕದಲ್ಲಿ ಬಾಣ. ಅಪ್ಪ ಫೋನ್ ಮೇಲೆ ಫೋನ್ ಮಾಡಿದ. ಹುಡುಗ ಮಾತ್ರ ಗ್ಯಾಲರಿಯಲ್ಲಿ ಕ್ರಿಕೆಟ್ ಆಡುತ್ತಿದ್ದ. ಡಾಕ್ಟರು ಡೋಸ್ ಬದಲಿಸಲಿಲ್ಲ, ಮೂರು ವಾರ ಬಿಟ್ಟು ಮತ್ತೆ ನೋಡೋಣ ಎಂದರು. ಆಗ 41 ಬಂತು.

ಈ ಸಣ್ಣ ಏರಿಕೆ ಬಹಳ ಮಕ್ಕಳಲ್ಲಿ ಆಗುತ್ತದೆ, ಹೆಚ್ಚಿನ ಸಲ ತಾನೇ ಇಳಿಯುತ್ತದೆ. ಮೇಲ್ಮಿತಿಯ ಮೂರು ಪಟ್ಟು ದಾಟದೆ, ಮಗು ಚೆನ್ನಾಗಿದ್ದರೆ, ಸಾಮಾನ್ಯವಾಗಿ ಕಾದು ನೋಡುತ್ತಾರೆ. ಎಸ್‌ಜಿಪಿಟಿ ಹೇಳುವುದು ಲಿವರಿನ ಕೋಶಗಳಿಗೆ ಸ್ವಲ್ಪ ಕಿರಿಕಿರಿಯಾಗಿದೆ ಅಂತ. ಲಿವರ್ ಕೆಲಸ ಮಾಡುತ್ತಿದೆಯಾ ಅಂತ ಹೇಳುವುದು ಬೇರೆ ಟೆಸ್ಟುಗಳು: ರಕ್ತ ಹೆಪ್ಪುಗಟ್ಟುವ ಸಮಯ ನೋಡುವ ಐಎನ್‌ಆರ್, ಬಿಲಿರುಬಿನ್, ಆಲ್ಬುಮಿನ್. ಎಸ್‌ಜಿಪಿಟಿ ಅಷ್ಟೇನೂ ಏರದೆ ಐಎನ್‌ಆರ್ ಏರಿತು ಅಂದರೆ ಡಾಕ್ಟರು ಚಿಂತೆ ಮಾಡುತ್ತಾರೆ.

ನಿಜವಾಗಿ ಲಿವರ್ ಕೈಕೊಡುವುದು ಅಪರೂಪ. ಆದರೆ ಬಂದರೆ ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ ಬರುತ್ತದೆ, ಬೇಗ ಮುಂದುವರಿಯುತ್ತದೆ. ಜನ ಅಂದುಕೊಳ್ಳುವುದಕ್ಕೂ ವಾಸ್ತವಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ತಿಂಗಳಿಗೊಂದು ರಿಪೋರ್ಟ್ ನಾರ್ಮಲ್ ಬಂದ ಮಾತ್ರಕ್ಕೆ ಇದು ತಪ್ಪಿತು ಅಂತ ಹೇಳಲು ಬರುವುದಿಲ್ಲ. ಸೋಮವಾರದ ರಿಪೋರ್ಟ್ ಸರಿಯಿದ್ದು, ಹತ್ತು ದಿನಕ್ಕೆ ಮಗು ಕುಸಿಯಬಹುದು. ಎಷ್ಟೋ ಸಲ ಮಗುವಿನ ವರ್ತನೆ ಮೊದಲು ಬದಲಾಗುತ್ತದೆ, ರಕ್ತ ಆಮೇಲೆ ಹೇಳುತ್ತದೆ. ಆದ್ದರಿಂದ ಲ್ಯಾಬಿಗಿಂತ ಹತ್ತಿರದ ಕಾವಲು ಮನೆಯದ್ದೇ.

ಮನೆಯಲ್ಲಿ ಏನು ಕಾಣುತ್ತದೆ? ಒಂದು ಸಲದ ವಾಂತಿಯಲ್ಲ, ಪದೇ ಪದೇ ವಾಂತಿ. ಇಷ್ಟದ ತಿಂಡಿಯನ್ನೂ ತಳ್ಳುವುದು. ಆಟ ಬಿಟ್ಟು ಮೂಲೆ ಹಿಡಿಯುವುದು, ಎಬ್ಬಿಸಿದರೂ ಮತ್ತೆ ಮಲಗುವುದು, ತೊದಲುವುದು. ಮುಖ ಊದಿಕೊಳ್ಳುವುದು. ನಿಂತಿದ್ದ ಫಿಟ್ಸ್ ಮತ್ತೆ ಮತ್ತೆ ಬರುವುದು. ಮೂಗಿನಲ್ಲಿ ರಕ್ತ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ. ಕಣ್ಣು ಹಳದಿಯಾಗುವುದು ಕೊನೆಗೆ. ಕಾಮಾಲೆ ಕಾಣಲಿ ಅಂತ ಕಾಯುವುದೇ ಅಪಾಯ. ಮೂರನೇ ವಾರದ ಮಂಪರಿಗೂ ಇದಕ್ಕೂ ವ್ಯತ್ಯಾಸ ಸರಳ: ಆ ಮಂಪರು ಡೋಸ್ ಏರಿದ ಮರುದಿನ ಶುರುವಾಗಿ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಇದು ಡೋಸ್ ಬದಲಾಗದೇ ಇದ್ದರೂ ಬಂದು, ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತದೆ.

ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು, ಬೆನ್ನಿಗೆ ಹೊಡೆಯುವುದು, ಜೊತೆಗೆ ವಾಂತಿ ಇದ್ದರೆ ಮೇದೋಜೀರಕ ಗ್ರಂಥಿ ಊದಿರಬಹುದು. ಲೈಪೇಸ್ ಟೆಸ್ಟ್‌ನಲ್ಲಿ ಗೊತ್ತಾಗುತ್ತದೆ. ಇದೂ ಅಪರೂಪ, ಇದೂ ಡೋಸ್ ಕೇಳುವುದಿಲ್ಲ.

ಇನ್ನೊಂದು ಅಮೋನಿಯಾ, ಅಂದರೆ ಲಿವರ್ ಶುದ್ಧ ಮಾಡಬೇಕಾದ ರಕ್ತದಲ್ಲಿನ ಕಲ್ಮಶ. ವಾಲ್‌ಪ್ರೊಯೇಟ್ ಕೆಲವರಲ್ಲಿ ಅಮೋನಿಯಾ ಏರಿಸುತ್ತದೆ, ಲಿವರ್ ಟೆಸ್ಟ್ ಎಲ್ಲ ಸರಿಯಿದ್ದಾಗಲೂ. ಮಗು ಚುರುಕಾಗಿದ್ದು ಅಮೋನಿಯಾ ಸ್ವಲ್ಪ ಏರಿದ್ದರೆ ಅದಕ್ಕೆ ಅರ್ಥ ಕಡಿಮೆ. ಅದಕ್ಕೇ ಚೆನ್ನಾಗಿರುವ ಮಗುವಿಗೆ ಈ ಟೆಸ್ಟ್ ಬರೆಯುವುದಿಲ್ಲ. ಮಗು ಮಂಕಾಗಿ, ವಾಂತಿ ಮಾಡುತ್ತಾ, ಗೊಂದಲದಲ್ಲಿದ್ದರೆ ಕೂಡಲೇ ಬೇಕು. ಸ್ಯಾಂಪಲ್ ಐಸ್‌ನಲ್ಲಿಟ್ಟು ಬೇಗ ಪರೀಕ್ಷಿಸಬೇಕು, ತಡವಾದರೆ ಟ್ಯೂಬಿನಲ್ಲೇ ಸಂಖ್ಯೆ ಏರಿಬಿಡುತ್ತದೆ. ಮನೆಗೆ ಬಂದು ರಕ್ತ ತೆಗೆದು ಬೈಕಿನಲ್ಲಿ ಊರೆಲ್ಲ ಸುತ್ತಿಸಿ ಒಯ್ಯುವ ಸ್ಯಾಂಪಲ್ ಇದಕ್ಕೆ ನಡೆಯುವುದಿಲ್ಲ. ನಿಜವಾಗಿ ಅಮೋನಿಯಾದ ತೊಂದರೆಯೇ ಆದರೆ ವಾಲ್‌ಪ್ರೊಯೇಟ್ ನಿಲ್ಲಿಸಿ ಕಾರ್ನಿಟೈನ್ ಕೊಡುತ್ತಾರೆ.

ಇಂಥ ಲಕ್ಷಣ ಕಂಡರೆ ಮುಂದಿನ ಡೋಸ್‌ನ ಹೊತ್ತಾಗುವ ಮೊದಲೇ ಆಸ್ಪತ್ರೆಯಲ್ಲಿರಬೇಕು. ನಿಲ್ಲಿಸುವುದೋ ಬೇಡವೋ ಅಲ್ಲಿ ತೀರ್ಮಾನವಾಗಲಿ. ನಿಲ್ಲಿಸಿದರೂ ಬದಲಿಗೆ ಲೆವೆಟಿರಾಸೆಟಮ್‌ನಂಥ ಇನ್ನೊಂದು ಔಷಧಿ ತಕ್ಷಣ ಶುರು ಮಾಡುತ್ತಾರೆ. ಮನೆಯಲ್ಲೇ ಕುಳಿತು ಏಕಾಏಕಿ ಬಿಟ್ಟುಬಿಟ್ಟರೆ ನಿಲ್ಲದ ಫಿಟ್ಸ್ ಬರಬಹುದು. ಐದು ನಿಮಿಷ ದಾಟಿದ ಫಿಟ್ಸ್‌ಗೆ ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಚೀಟಿಯಲ್ಲಿ ಇದೆಯಾ ಅಂತ ಮೊದಲ ಭೇಟಿಯಲ್ಲೇ ಕೇಳಿಕೊಳ್ಳಿ.

ಮಳೆಗಾಲದ ಜ್ವರ

ಮುಂಬೈ, ಪುಣೆಯಲ್ಲಿ ಮಳೆಗಾಲ ಅಂದರೆ ಡೆಂಗ್ಯೂ, ನೀರಿನಿಂದ ಬರುವ ಕಾಮಾಲೆ, ವಾಂತಿಭೇದಿ. ಇವೆಲ್ಲ ತೋರಿಸುವ ಲಕ್ಷಣವೂ ವಾಲ್‌ಪ್ರೊಯೇಟ್‌ನ ಅಪಾಯದ ಲಕ್ಷಣವೂ ಹೆಚ್ಚುಕಡಿಮೆ ಒಂದೇ. ವಾಂತಿ, ಮಂಕು, ಏರಿದ ಎಸ್‌ಜಿಪಿಟಿ, ಇಳಿದ ಪ್ಲೇಟ್‌ಲೆಟ್. ಡಾಕ್ಟರಿಗೂ ತಲೆನೋವು ತರುವ ಸನ್ನಿವೇಶ ಇದು.

ಹತ್ತನೇ ವಾರ ನಮ್ಮ ಹುಡುಗನಿಗೆ ಜ್ವರ ಬಂತು. ಮೂರನೇ ದಿನ ಎರಡು ಸಲ ವಾಂತಿ, ಮೈಕೈ ನೋವು. ಅಮ್ಮ ಕಾಯದೆ ಕರೆತಂದಳು. ಪ್ಲೇಟ್‌ಲೆಟ್ 1.1 ಲಕ್ಷ. ವಾಲ್‌ಪ್ರೊಯೇಟ್ ಪ್ಲೇಟ್‌ಲೆಟ್ ಇಳಿಸುತ್ತದೆ ಅನ್ನುವುದು ಗೊತ್ತಿರುವ ವಿಷಯ. ಹಾಗಾದರೆ ಯಾರ ಕೆಲಸ? ಹಳೆಯ ಕಾಗದಗಳು ಇಲ್ಲಿ ಮಾತಾಡಿದವು. ಶುರುವಿನಲ್ಲಿ 2.8, ಆರನೇ ವಾರ 2.1, ಒಂಬತ್ತನೇ ವಾರವೂ 2.1. ಡೋಸ್ ಅಷ್ಟೇ ಇರುವಾಗ ಒಂದೇ ವಾರದಲ್ಲಿ ಅರ್ಧಕ್ಕೆ ಬೀಳುವುದು ವಾಲ್‌ಪ್ರೊಯೇಟ್‌ನ ನಡೆಯಲ್ಲ. ಅದು ಇಳಿಸುವುದು ದೊಡ್ಡ ಡೋಸ್‌ನಲ್ಲಿ, ಮೆಲ್ಲಗೆ. ಡೆಂಗ್ಯೂ ಟೆಸ್ಟ್ ಪಾಸಿಟಿವ್ ಬಂತು. ಐಎನ್‌ಆರ್, ಸಕ್ಕರೆ, ಅಮೋನಿಯಾ ಮೂರೂ ಸರಿಯಿದ್ದವು, ಹುಡುಗ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಿದ್ದ. ಹಾಗಾಗಿ ಸಿರಪ್ ಮುಂದುವರಿಸಿ, ದಾಖಲು ಮಾಡಿಕೊಂಡು ದಿನಾ ರಕ್ತ ನೋಡಿದರು. ಆ ಮೊದಲ ರಿಪೋರ್ಟ್ ಇಲ್ಲದಿದ್ದರೆ ಇಷ್ಟು ಬೇಗ ತೀರ್ಮಾನ ಆಗುತ್ತಿರಲಿಲ್ಲ.

ಜ್ವರಕ್ಕೆ ತೂಕಕ್ಕೆ ತಕ್ಕ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್ ಬೇಡವೇ ಬೇಡ. ಅದು ವಾಲ್‌ಪ್ರೊಯೇಟನ್ನು ಸೀಟಿನಿಂದ ಎಬ್ಬಿಸಿ ನಿಲ್ಲಿಸುತ್ತದೆ, ಮೈಯಿಂದ ಹೊರಹೋಗುವುದನ್ನೂ ತಡೆಯುತ್ತದೆ. ಮಗುವನ್ನು ಬೇರೆ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ವಾಲ್‌ಪ್ರೊಯೇಟ್ ನಡೆಯುತ್ತಿದೆ ಅಂತ ಮೊದಲೇ ಹೇಳಿ. ಮೆರೊಪೆನಮ್ ಎಂಬ ಆ್ಯಂಟಿಬಯೊಟಿಕ್ ಒಂದೆರಡು ದಿನದಲ್ಲೇ ಇದರ ಮಟ್ಟವನ್ನು ನೆಲಕ್ಕೆ ಇಳಿಸಿಬಿಡುತ್ತದೆ. ಆಗ ಡೋಸ್ ಏರಿಸಿದರೂ ಪ್ರಯೋಜನ ಇಲ್ಲ.

ಹೆಣ್ಣುಮಗುವಾಗಿದ್ದರೆ

ಲೆಕ್ಕ ಇಲ್ಲಿ ಬದಲಾಗುತ್ತದೆ. ಏಳು ವರ್ಷದ ಹುಡುಗಿಗೆ ಇವತ್ತು ಈ ಪ್ರಶ್ನೆ ಯಾಕೆ ಅಂತ ಅನ್ನಿಸಬಹುದು. ಆದರೆ ಫಿಟ್ಸ್ ಔಷಧಿ ವರ್ಷಗಟ್ಟಲೆ ನಡೆಯುತ್ತದೆ, ಚೆನ್ನಾಗಿ ಹೊಂದಿಕೊಂಡ ಔಷಧಿಯನ್ನು ಆಮೇಲೆ ಬದಲಿಸುವುದು ಕಷ್ಟ. ಗರ್ಭಿಣಿ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಬೆನ್ನುಹುರಿ, ಹೃದಯ, ತುಟಿ-ಅಂಗುಳದಂಥ ಕಡೆ ಹುಟ್ಟುದೋಷ ಇರುತ್ತದೆ. ಹತ್ತರಲ್ಲಿ ಮೂರು-ನಾಲ್ಕು ಮಕ್ಕಳಿಗೆ ಕಲಿಕೆ, ಮಾತು, ಬೆಳವಣಿಗೆಯಲ್ಲಿ ತೊಂದರೆ ಕಾಣುತ್ತದೆ. ಮುಟ್ಟು ಏರುಪೇರಾಗುವುದು, ಅಂಡಾಶಯದಲ್ಲಿ ನೀರುಗುಳ್ಳೆಗಳಾಗುವುದೂ ಉಂಟು. ಹಾಗಾಗಿ ಬೇರೆ ಔಷಧಿ ಕೆಲಸ ಮಾಡುವಂತಿದ್ದರೆ ಹುಡುಗಿಯರಿಗೆ ಅದನ್ನೇ ಮೊದಲು ನೋಡುತ್ತಾರೆ. ಬೇರೆ ದಾರಿಯಿಲ್ಲದೆ ಇದೇ ಕೊಟ್ಟರೆ, ಮೈನೆರೆಯುವ ಹೊತ್ತಿಗೆ ಮತ್ತೆ ಚರ್ಚೆ ಮಾಡಲೇಬೇಕು. "ಮದುವಿ ಹೊತ್ತಿಗೆ ನೋಡಿದ್ರಾಯ್ತು" ಅನ್ನುವುದು ತಡವಾಯಿತು.

ಮಗು ಬೆಳೆದಂತೆ

ಮೂರು ತಿಂಗಳು ಸರಿಯಾಗಿ ದಾಟಿದ ಮೇಲೆ ಭೇಟಿಗಳು ದೂರ ದೂರ ಆಗುತ್ತವೆ. ಆಗ ಎಲ್ಲರೂ ಮರೆಯುವ ವಿಷಯ ತೂಕ. ವರ್ಷ ಕಳೆಯುವ ಹೊತ್ತಿಗೆ ನಮ್ಮ ಹುಡುಗ 25 ಕಿಲೋ. ಸಿರಪ್ ಮಾತ್ರ ಹಳೆಯ ಅಳತೆಯೇ, ಹೊತ್ತಿಗೆ 6 ಮಿಲಿಲೀಟರ್, ದಿನಕ್ಕೆ 480 ಮಿಲಿಗ್ರಾಂ. ಕಿಲೋಗೆ 24 ಇದ್ದದ್ದು ಯಾರೂ ಮುಟ್ಟದೇ 19ಕ್ಕೆ ಇಳಿದಿತ್ತು. ಒಂಬತ್ತು ತಿಂಗಳಿಂದ ಇಲ್ಲದ ಫಿಟ್ಸ್ ಒಂದು ಬೆಳಗಿನ ಜಾವ ಬಂತು. "ಔಷಧಿ ನಾಟಾಂಗಿಲ್ಲ, ಬದಲಿ ಮಾಡಿಕೊಡ್ರಿ" ಅಂತ ಅಪ್ಪ ಬಂದ. ಒಂದು ಹೊತ್ತೂ ತಪ್ಪಿಸಿರಲಿಲ್ಲ, ಡೋಸ್‌ಗೆ ಮುಂಚಿನ ಮಟ್ಟ 42 ಇತ್ತು. ಔಷಧಿ ಸೋತಿರಲಿಲ್ಲ, ಹುಡುಗ ಅಂಗಿಯ ಜೊತೆ ಡೋಸನ್ನೂ ಮೀರಿ ಬೆಳೆದಿದ್ದ.

ಡಾಕ್ಟರು ದಿನಕ್ಕೆ 600 ಮಿಲಿಗ್ರಾಂ ಮಾಡಿದರು, ಮತ್ತೆ ಕಿಲೋಗೆ 24. ಸಿರಪ್‌ನಲ್ಲಿ ಅದು ಹೊತ್ತಿಗೆ ಏಳೂವರೆ ಮಿಲಿಲೀಟರ್. ಇಷ್ಟೊತ್ತಿಗೆ ಅವನು ಮಾತ್ರೆ ನುಂಗಲು ಕಲಿತಿದ್ದರಿಂದ 300ರ ನಿಧಾನವಾಗಿ ಕರಗುವ ಮಾತ್ರೆ ಎರಡು ಹೊತ್ತು ಬರೆದರು. ಆ ಮಾತ್ರೆಯನ್ನು ಪುಡಿ ಮಾಡಿ ಜೇನಿನಲ್ಲಿ ಕಲಸಬಾರದು, ಅಗಿಯಲೂ ಬಾರದು. ಹನ್ನೆರಡು ಗಂಟೆ ನಿಧಾನವಾಗಿ ಬಿಡಬೇಕಾದ್ದು ಒಮ್ಮೆಗೇ ಹೊಟ್ಟೆಗೆ ಬಿದ್ದುಬಿಡುತ್ತದೆ. ಮೊದಲ ವಾರ ಮಾತ್ರೆ ನುಂಗಿದ ಮೇಲೆ ಬಾಯಿ ತೆರೆದು ತೋರಿಸು ಅನ್ನಿ. ಮಕ್ಕಳು ಕೆನ್ನೆಯಲ್ಲಿಟ್ಟುಕೊಂಡು ಆಮೇಲೆ ಕಿಟಕಿಯಿಂದ ಉಗಿಯುವುದು ಉಂಟು.